ಫ್ರಾಂಚೈಸಿಗೆ ಪತ್ರ ಬರೆಯುವಾಗ ರಾಯಲ್ಟಿ ಬಗ್ಗೆ ಬಿಡಿಸಿ ಕೇಳಿ

ಡೊಂಬಿವಲಿ, ಠಾಣೆ ಕಡೆ ಅಂಗಡಿ ಇಟ್ಟಿರುವ ನಮ್ಮವರು ಹಲವರು ಚಹಾ, ತಿಂಡಿ ಬ್ರ್ಯಾಂಡ್‌ಗಳಿಗೆ ಫ್ರಾಂಚೈಸಿ ಕೇಳಿ ಬರೆಯುತ್ತಿದ್ದಾರೆ. "ಎಷ್ಟು ಬಂಡವಾಳ ಬೇಕು?" ಅಂತಷ್ಟೇ ಕೇಳಿದರೆ ಬಣ್ಣದ ಬ್ರೋಷರ್ ಬರುತ್ತದೆ, ಅಷ್ಟೇ. ಅಂಗಡಿಯ ಕಾರ್ಪೆಟ್ ಏರಿಯಾ, ಸ್ವಂತದ್ದೋ ಬಾಡಿಗೆಯದ್ದೋ, ಕರೆಂಟ್ ಲೋಡ್ ಎಷ್ಟು ಅಂತ ಮೊದಲೇ ತಿಳಿಸಿ.

ಆಮೇಲೆ ಮುಖ್ಯ ಪ್ರಶ್ನೆ: ಬ್ರ್ಯಾಂಡ್‌ಗೆ ನಾವು ಕೊಡಬೇಕಾದ ರಾಯಲ್ಟಿ ಯಾವುದರ ಮೇಲೆ? ಸಾಮಾನ್ಯವಾಗಿ ಅದು ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ. ತಿಂಗಳಿಗೆ 4 ಲಕ್ಷ ವ್ಯಾಪಾರ, 6% ರಾಯಲ್ಟಿ ಅಂದುಕೊಳ್ಳಿ. 24,000 ರೂಪಾಯಿ ಆಯಿತು. ಅದರ ಮೇಲೆ 18% ಜಿಎಸ್‌ಟಿ ಸೇರಿ 28,320. 5% ಜಿಎಸ್‌ಟಿಯ ಹೋಟೆಲ್ ಅಥವಾ ಕಾಂಪೋಸಿಷನ್ ಸ್ಕೀಮ್‌ನವರಿಗೆ ಈ 4,320ಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಕೈಯಿಂದಲೇ ಹೋಗುತ್ತದೆ. ನಷ್ಟದ ತಿಂಗಳಲ್ಲೂ ರಾಯಲ್ಟಿ ತಪ್ಪದು.

ಹಾಗಾಗಿ ಹೀಗೆ ಬರೆಯಿರಿ: "ರಾಯಲ್ಟಿ ಲೆಕ್ಕ ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೋ? ಡೆಲಿವರಿ ಆ್ಯಪ್ ಕಮಿಷನ್ ಕಳೆದ ಮೇಲೋ, ಮೊದಲೋ? ಕನಿಷ್ಠ ಮೊತ್ತ ಇದೆಯೇ? ಕಚ್ಚಾ ಸಾಮಾನು ನಿಮ್ಮಿಂದಲೇ ಕೊಳ್ಳಬೇಕೇ, ದರಪಟ್ಟಿ ಕಳಿಸುವಿರಾ?"

ಸಾಮಾನಿನ ದರದಲ್ಲೇ ಅವರ ಅಸಲಿ ಲಾಭ ಅಡಗಿರುವುದೂ ಉಂಟು, "ಝೀರೋ ರಾಯಲ್ಟಿ" ಅಂದವರ ಹತ್ತಿರ ಇದನ್ನಂತೂ ಬಿಡಬೇಡಿ.

ಸಪೋರ್ಟ್ ಹೇಗಿದೆ ಅಂತ ಕಂಪನಿಯನ್ನು ಕೇಳುವ ಬದಲು, ನಮ್ಮ ಜಿಲ್ಲೆಯಲ್ಲೇ ಎರಡು ವರ್ಷ ದಾಟಿದ ಫ್ರಾಂಚೈಸಿಗಳ ವಿಳಾಸ ಕೇಳಿ, ಹೋಗಿ ಮಾತಾಡಿ. ಟೋಕನ್ ಕೊಡುವ ಮುನ್ನ ಅಗ್ರಿಮೆಂಟ್ ಕರಡು ಕೈಗೆ ಬರಲಿ.