ಮಂಡಿ ಇಂಜೆಕ್ಷನ್: ಮುಂದಿನ ದಾರಿ ಬಿಟ್ಟು ಮೇಲ್ಬದಿಯಿಂದ ಹೋದ ಮೇಲೆ

ನಮ್ಮದು ತಾಲ್ಲೂಕು ಕೇಂದ್ರದ ಸಣ್ಣ ಕ್ಲಿನಿಕ್. ಅಲ್ಟ್ರಾಸೌಂಡ್ ಇಲ್ಲದೆ, ಬರೀ ಕೈಯಲ್ಲಿ ಮುಟ್ಟಿ ನೋಡಿ ಮಂಡಿ ನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತೀನಿ ಅಂದಾಗ ಸ್ನೇಹಿತರು ಬೇಡ ಅಂದಿದ್ದರು. ಮೆಷಿನ್ ತಗೊಳ್ಳೋಣ ಅಂದರೆ ಲಕ್ಷಗಟ್ಟಲೆ ದುಡ್ಡು, ಜೊತೆಗೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ. ಔಷಧಿ, ಸಿರಿಂಜ್, ಗ್ಲೌಸ್ ಎಲ್ಲ ಸೇರಿ ಒಂದು ಇಂಜೆಕ್ಷನ್‌ಗೆ ನನಗೆ ಬೀಳೋದು ಹೆಚ್ಚುಕಮ್ಮಿ 250 ರೂಪಾಯಿ. ಅದರ ಮೇಲೆ ಮೆಷಿನ್ ಖರ್ಚು ಹಾಕಿದರೆ ನಮ್ಮ ಕಡೆಯ ಜನ ಕೊಡೋಕೆ ಆಗಲ್ಲ. ಹಾಗಾಗಿ ಕೈಯನ್ನೇ ಪಳಗಿಸಿಕೊಂಡೆ.

ಮೊದಲ ಎರಡು ವರ್ಷ ಎಲ್ಲರ ಹಾಗೆ ನಾನೂ ರೋಗಿಯನ್ನು ಮೇಜಿನ ಅಂಚಲ್ಲಿ ಕೂರಿಸಿ, ಮಂಡಿ ಮಡಿಸಿ, ಮುಂದಿನಿಂದ ಚುಚ್ಚುತ್ತಿದ್ದೆ. ಕೆಲವರಿಗೆ ಮಾರನೇ ದಿನವೇ ಆರಾಮ, ಕೆಲವರಿಗೆ ಏನೂ ಇಲ್ಲ. ಔಷಧಿ ಸರಿಯಿಲ್ಲ ಅಂದುಕೊಂಡು ಕಂಪನಿ ಬದಲಾಯಿಸಿದೆ. ತಪ್ಪು ಇದ್ದದ್ದು ದಾರಿಯಲ್ಲಿ. ಮುಂದಿನಿಂದ ಹೋದರೆ ಕೆಲವು ಸಲ ಚಿಪ್ಪಿನ ಕೆಳಗಿರುವ ಕೊಬ್ಬಿನ ಗದ್ದುಗೆಯಲ್ಲೇ ಸೂಜಿಯ ತುದಿ ನಿಂತುಬಿಡುತ್ತದೆ. ಅಲ್ಲಿಗೆ ಬಿದ್ದ ಸ್ಟೀರಾಯ್ಡ್ ಕೀಲಿಗೆ ತಲುಪಲ್ಲ, ನೋವು ಮಾತ್ರ ಜಾಸ್ತಿ. ಊದಿ ನೀರು ತುಂಬಿರದ ಮಂಡಿಗಳ ಮೇಲೆ ಮಾಡಿದ 2002ರ ಒಂದು ಅಧ್ಯಯನದಲ್ಲಿ ಮುಂದಿನ ಎರಡು ದಾರಿಗಳಿಂದ ಸೂಜಿ ಕೀಲಿನೊಳಗೆ ಸೇರಿದ್ದು 100ಕ್ಕೆ 71ರಿಂದ 75 ಸಲ, ಚಿಪ್ಪಿನ ಹೊರಬದಿಯಿಂದ 93 ಸಲ. ಅದನ್ನು ಓದಿದ ಮೇಲೆ ನನ್ನ ಸೋಲುಗಳ ಲೆಕ್ಕ ಸರಿಹೋಯಿತು.

ಒಬ್ಬ ಹೆಂಗಸಿನ ಮಂಡಿಯ ಒಳಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಬೆಳ್ಳಗಾಗಿ, ಚರ್ಮ ಕಾಗದದಂತೆ ತೆಳುವಾಗಿ ಕುಳಿ ಬಿತ್ತು. ಸೂಜಿ ಹೊರಗೆಳೆಯುವಾಗ ಔಷಧಿ ದಾರಿಯಲ್ಲಿ ಸೋರಿತ್ತು. ಬಣ್ಣ ಮರಳೋಕೆ ವರ್ಷದ ಮೇಲೆ ಬೇಕಾಯಿತು. ತೊನ್ನು ಅಂತ ಊರಲ್ಲಿ ಮಾತಾಡಿಕೊಂಡರಂತೆ. ಅವರ ಮುಖ ಈಗಲೂ ಕಣ್ಣ ಮುಂದಿದೆ. ಅವತ್ತಿನಿಂದ ಔಷಧಿ ಹಾಕಿದ ಮೇಲೆ ಮರಗಟ್ಟಿಸುವ ಲಿಗ್ನೋಕೇನ್ ಸ್ವಲ್ಪ ಬಿಟ್ಟು ಸೂಜಿಯನ್ನು ತೊಳೆದೇ ಹೊರಗೆ ತೆಗೆಯುತ್ತೇನೆ.

ಈಗ ಮಾಡುವ ರೀತಿ ಇದು. ರೋಗಿ ಅಂಗಾತ ಮಲಗಬೇಕು. ಮಂಡಿ ಕೆಳಗೆ ಒಂದು ಸುತ್ತಿದ ಟವೆಲ್, ಅಷ್ಟೇ ಮಡಿಕೆ. ಚಿಪ್ಪು ಎಡಕ್ಕೂ ಬಲಕ್ಕೂ ಸಲೀಸಾಗಿ ಜಾರಬೇಕು. ಜಾರದಿದ್ದರೆ ತೊಡೆ ಬಿಗಿ ಹಿಡಿದಿದ್ದಾರೆ ಅಂತ ಅರ್ಥ, ಆಗ ಸೂಜಿ ಮುಟ್ಟಲ್ಲ. ಚಿಪ್ಪಿನ ಮೇಲಂಚಿಗೆ ಒಂದು ಗೆರೆ, ಹೊರಂಚಿಗೆ ಒಂದು ಗೆರೆ ಅಂದುಕೊಳ್ಳಿ. ಅವೆರಡೂ ಕೂಡುವ ಮೂಲೆಯಿಂದ ಒಂದು ಬೆರಳು ಮೇಲೆ, ಒಂದು ಬೆರಳು ಹೊರಗೆ ಒತ್ತಿದರೆ ಮೆತ್ತನೆಯ ತಗ್ಗು ಸಿಗುತ್ತದೆ. ಅಲ್ಲಿ ರೀಫಿಲ್ ಒಳಗೆಳೆದ ಪೆನ್ನಿನ ತುದಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯುತ್ತೇನೆ. ಚರ್ಮದ ಮೇಲೆ ಒಂದು ಸಣ್ಣ ಉಂಗುರ ಮೂಡುತ್ತದೆ. ಬೆಟಡಿನ್ ಹಚ್ಚಿದರೂ ಅದು ಅಳಿಯಲ್ಲ. ಬೆಟಡಿನ್ ಪೂರ್ತಿ ಒಣಗೋವರೆಗೆ ಕಾಯಲೇಬೇಕು, ಆಮೇಲೆ ಆ ಜಾಗ ಮುಟ್ಟಬಾರದು.

ಒಳಬದಿಯಿಂದ ಎಡಗೈ ಹೆಬ್ಬೆರಳಲ್ಲಿ ಚಿಪ್ಪನ್ನು ನನ್ನ ಕಡೆಗೆ ತಳ್ಳಿದರೆ ಅದರ ಅಡಿಯ ಸಂದು ತೆರೆದುಕೊಳ್ಳುತ್ತದೆ. ಒಂದೂವರೆ ಇಂಚಿನ 21 ಗೇಜ್ ಸೂಜಿಯನ್ನು ಚಿಪ್ಪಿನ ಅಡಿಗೆ, ಒಳಬದಿಯ ಕಡೆಗೆ ಓರೆಯಾಗಿ ನಡೆಸುತ್ತೇನೆ. ನೀರು ಜಾಸ್ತಿ ಇದ್ದರೆ 18 ಗೇಜ್. ಮೂಳೆ ತಾಗಿದರೆ ಅಲ್ಲೇ ಗೀರಬಾರದು, ಸ್ವಲ್ಪ ಹಿಂದೆ ಬಂದು ಕೋನ ಬದಲಾಯಿಸಬೇಕು. ಒಳಗೆ ಸೇರಿದ್ದರೆ ಪ್ಲಂಜರ್ ನೀರಲ್ಲಿ ಒತ್ತಿದಷ್ಟು ಹಗುರ. ತಡೆ ಸಿಕ್ಕಿತು ಅಂದರೆ ಬಲ ಹಾಕೋ ಮಾತೇ ಇಲ್ಲ. ಚುಚ್ಚುವ ಕ್ಷಣ ರೋಗಿ ತೊಡೆ ಬಿಗಿಯದ ಹಾಗೆ ಮಾಡೋಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಬರೆಯಲ್ಲ, ಬಂದರೆ ತೋರಿಸ್ತೀನಿ.

ನಡುವೆ ಒಂದು ಪ್ರಯೋಗ ಮಾಡಿದ್ದೆ. ಔಷಧಿ ಜೊತೆ ಅರ್ಧ ಎಂಎಲ್ ಗಾಳಿ ಬಿಟ್ಟು, ಮಂಡಿ ಮಡಿಸಿದಾಗ ಪಿಚಕ್ ಅನ್ನುವ ಸದ್ದು ಬಂದರೆ ಒಳಗೆ ಹೋಗಿದೆ ಅಂತ. ಕೇಳಿಸ್ತಿತ್ತು, ನಿಜ. ಕೈ ಕೂತ ಮೇಲೆ ಅದರ ಅಗತ್ಯ ಬೀಳಲಿಲ್ಲ. ಮರಗಟ್ಟಿಸುವ ಇನ್ನೊಂದು ಔಷಧಿ ಬುಪಿವಕೇನ್ ಕೂಡ ಸ್ವಲ್ಪ ದಿನ ಬೆರೆಸಿದೆ. ಅದು ಮೂಳೆ ತುದಿಯ ನುಣುಪು ಹೊದಿಕೆಯಾದ ಕಾರ್ಟಿಲೇಜ್‌ನ ಜೀವಕೋಶಗಳಿಗೆ ಕೆಟ್ಟದ್ದು ಅಂತ ಪ್ರಯೋಗಶಾಲೆಯ ವರದಿಗಳನ್ನು ಓದಿ ನಿಲ್ಲಿಸಿದೆ. ಲಿಗ್ನೋಕೇನ್ ಕೂಡ ಪೂರ್ತಿ ನಿರಪಾಯ ಅಲ್ಲ, ಅದಕ್ಕೇ ಪ್ರಮಾಣ ಕಡಿಮೆ ಇಟ್ಟಿದ್ದೇನೆ.

ಒಂದು ಕೇಸ್ ಹೇಳ್ತೀನಿ. 58ರ ಹೆಂಗಸು, ಅಡಿಕೆ ಸುಲಿಯೋ ಕೆಲಸ, ತೂಕ 60 ಕೆಜಿ ಆಸುಪಾಸು, ಶುಗರ್ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಎಕ್ಸ್‌ರೇಯಲ್ಲಿ ಸವೆತ, ಮಂಡಿ ಊದಿಕೊಂಡು ಕುಕ್ಕರಗಾಲಲ್ಲಿ ಕೂರೋಕೆ ಆಗ್ತಿರಲಿಲ್ಲ. ಜ್ವರವಿಲ್ಲ, ಚರ್ಮದ ಮೇಲೆ ಗಾಯವಿಲ್ಲ. ಮೊದಲು ನೀರು ತೆಗೆದೆ, ಸುಮಾರು 35 ಎಂಎಲ್. ಸಿರಿಂಜನ್ನು ಕಿಟಕಿಗೆ ಹಿಡಿದರೆ ಆಚೆಯ ಬೇಲಿ ಕಾಣಿಸಬೇಕು. ಕಂಡಿತು, ಹುಲ್ಲಿನ ಬಣ್ಣದ ತಿಳಿ ನೀರು. ಸೂಜಿ ಅಲ್ಲೇ ಇಟ್ಟು ಸಿರಿಂಜ್ ಬದಲಾಯಿಸಿ ಟ್ರಯಾಮ್ಸಿನೋಲೋನ್ ಅನ್ನುವ ಸ್ಟೀರಾಯ್ಡ್ 40 ಮಿಗ್ರಾಂ ಜೊತೆ 2% ಲಿಗ್ನೋಕೇನ್ 3 ಎಂಎಲ್ ಕೊಟ್ಟೆ, ಅಂದರೆ 60 ಮಿಗ್ರಾಂ. ಕೆಜಿಗೆ 3 ಮಿಗ್ರಾಂ ಮಿತಿ ಅಂತ ಇಟ್ಟುಕೊಂಡರೂ ಆಕೆಗೆ 180ರವರೆಗೆ ಜಾಗ ಇತ್ತು. ಎರಡೂ ಮಂಡಿಗೆ ಒಂದೇ ದಿನ ಕೊಡುವವರು ಈ ಲೆಕ್ಕ ಮರೆಯಬಾರದು. ತುಟಿಯ ಸುತ್ತ ಜುಮ್ಮೆಂದರೆ, ಕಿವಿಯಲ್ಲಿ ಗುಂಯ್ ಅಂದರೆ ಔಷಧಿ ರಕ್ತಕ್ಕೆ ಜಾಸ್ತಿ ಹೋಗಿದೆ ಅಂತ ತಿಳಿಯಬೇಕು. ಅರ್ಧ ಗಂಟೆ ಕೂರಿಸಿಕೊಂಡೇ ಕಳಿಸ್ತೀನಿ.

ಅವತ್ತು ರಾತ್ರಿಯೇ ಫೋನ್. “ಡಾಕ್ಟ್ರೇ, ಮೊದಲಿಗಿಂತ ಜಾಸ್ತಿ ನೋಯ್ತಾ ಇದೆ.” ಸ್ಟೀರಾಯ್ಡ್ ಹರಳುಗಳಿಂದ ಆಗುವ ಕೆರಳಿಕೆ ಹೀಗೇ ಮೊದಲ ದಿನದೊಳಗೆ ಶುರುವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. “ಐಸ್ ಇಡಿ ಅಮ್ಮ, ನಾಳೆ ಬೆಳಿಗ್ಗೆ ಬನ್ನಿ” ಅಂದೆ. ಬೆಳಿಗ್ಗೆ ನೋಡಿದಾಗ ಜ್ವರವಿಲ್ಲ, ಮಂಡಿ ನಿಧಾನಕ್ಕೆ ಮಡಿಸಬಹುದಿತ್ತು, ಸಂಜೆಗೆ ಇಳಿಯಿತು. ಎರಡು ಮೂರು ದಿನ ಕಳೆದ ಮೇಲೆ ನೋವು ಶುರುವಾಗಿ ಏರುತ್ತಾ ಹೋದರೆ, ಅಲ್ಲಾಡಿಸೋಕೂ ಬಿಡದಿದ್ದರೆ, ಅದನ್ನು ಕೀವು ಅಂತಲೇ ಹಿಡಿದು ನೀರು ತೆಗೆದು ಕಲ್ಚರ್‌ಗೆ ಕಳಿಸಬೇಕು. ಆಂಟಿಬಯೋಟಿಕ್ ಆಮೇಲೆ. ಆಕೆಯ ಶುಗರ್ ಎರಡನೇ ದಿನ 280ರ ಹತ್ತಿರ ಹೋಗಿ, ವಾರದೊಳಗೆ ಹಳೆಯ ಮಟ್ಟಕ್ಕೆ ಬಂತು. ಇದನ್ನು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ.

ಅದೇ ತಿಂಗಳು ಇನ್ನೊಬ್ಬರ ಮಂಡಿಯಿಂದ ಮಜ್ಜಿಗೆಯಂಥ ನೀರು ಬಂತು. ಬೇಲಿ ಕಾಣಿಸಲಿಲ್ಲ. ತುಂಬಿಟ್ಟ ಸ್ಟೀರಾಯ್ಡ್ ಸಿರಿಂಜನ್ನು ಹಾಗೇ ಬಿಸಾಕಿದೆ, ನೀರನ್ನು ಲ್ಯಾಬಿಗೂ ರೋಗಿಯನ್ನು ಜಿಲ್ಲಾ ಕೇಂದ್ರಕ್ಕೂ ಕಳಿಸಿದೆ. ಆ ದಿನ ಔಷಧಿಯ ದುಡ್ಡು ನನ್ನ ಜೇಬಿಂದ. ಮೊದಲು ನೀರು, ಆಮೇಲೆ ಔಷಧಿ ಅನ್ನುವ ಕ್ರಮ ಇಲ್ಲದಿದ್ದರೆ ಕೀವಿನ ಮೇಲೆ ಸ್ಟೀರಾಯ್ಡ್ ಹಾಕಿಬಿಡ್ತಿದ್ದೆ.

ಅಡಿಕೆ ಸುಲಿಯುವ ಆ ಹೆಂಗಸಿಗೆ ಸುಮಾರು ಎಂಟು ವಾರ ಆರಾಮ ಸಿಕ್ಕಿತು. ಆ ಸಮಯದಲ್ಲೇ ತೊಡೆಯ ವ್ಯಾಯಾಮ ಮಾಡಿಸಿದೆ. ಐದು ತಿಂಗಳಿಗೆ ಎರಡನೆಯದು ಕೊಟ್ಟೆ, ಅದು ಆರು ವಾರ ಬಂತು. “ಇನ್ನೊಂದು ಹಾಕ್ಬಿಡಿ ಡಾಕ್ಟ್ರೇ, ಅಡಿಕೆ ಸೀಸನ್ನು” ಅಂತ ಬೇಗನೇ ಮತ್ತೆ ಬಂದರು. ಹಾಕಲಿಲ್ಲ. 2017ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಇದೇ 40 ಮಿಗ್ರಾಂ ಪಡೆದವರ ಕಾರ್ಟಿಲೇಜ್ ಸಲೈನ್ ಪಡೆದವರಿಗಿಂತ ಜಾಸ್ತಿ ಸವೆದಿತ್ತು, ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಆಕೆಯ ಮಗ ಆಗಲೇ ಆಪರೇಷನ್ ವಿಚಾರಿಸುತ್ತಿದ್ದ. ಇಂಜೆಕ್ಷನ್ ಆಗಿ ಮೂರು ತಿಂಗಳೊಳಗೆ ಕೀಲು ಬದಲಾಯಿಸಿದರೆ ಸೋಂಕಿನ ಭಯ ಜಾಸ್ತಿ. ಹಾಗಾಗಿ ಎರಡನೇ ಇಂಜೆಕ್ಷನ್ ತಾರೀಖನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು, ಸರ್ಜನ್‌ಗೆ ತೋರಿಸಿ ಅಂತ ಅವನ ಕೈಗೆ ಕೊಟ್ಟೆ.