ಜಮಖಂಡಿಯಲ್ಲಿ ಹನ್ನೆರಡು ಕುರ್ಚಿ: ಕರೆಂಟ್ ಎರಡನೇ ಸಲ ಹೋದಾಗ

ಬೆಂಗಳೂರು, ಪುಣೆ ಬಿಟ್ಟು ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡುವ ಹುಡುಗರು ಹಂಚಿಕೊಂಡ ಆಫೀಸಿನಲ್ಲಿ ಮೊದಲು ಕೇಳುವುದು ಎಸಿಯನ್ನಲ್ಲ, ಕಾಫಿ ಮಶಿನ್ನನ್ನೂ ಅಲ್ಲ. 'ಕರೆಂಟ್ ಹೋದ್ರ ಕಾಲ್ ಕಟ್ ಆಗ್ತದೇನ್ರೀ?' ಅಷ್ಟೇ. ಜಮಖಂಡಿಯಲ್ಲಿ ಹನ್ನೆರಡು ಕುರ್ಚಿಯ ಇಂಥದೊಂದು ಆಫೀಸಿಗೆ ನಾವು ಮಾಡಿಕೊಂಡ ಏರ್ಪಾಡು ಹೆಚ್ಚುಕಡಿಮೆ ಈ ಒಂದು ಪ್ರಶ್ನೆಯ ಸುತ್ತಲೇ ನಿಂತಿದೆ.

ಮೊದಲು ಲೆಕ್ಕ. ಕೆಲಸ ಮಾಡುತ್ತ ಚಾರ್ಜ್ ಆಗುವ ಲ್ಯಾಪ್‌ಟಾಪ್ ಒಂದಕ್ಕೆ ಸರಾಸರಿ 45 ವ್ಯಾಟ್ ಹಿಡಿದರೆ ಹನ್ನೆರಡಕ್ಕೆ 540. ಬಿಎಲ್‌ಡಿಸಿ ಫ್ಯಾನ್ ಐದು, ತಲಾ 30ರಂತೆ 150. (ಹಳೇ ಫ್ಯಾನ್ ಆದರೆ ಒಂದಕ್ಕೇ 70-75 ವ್ಯಾಟ್; ಫ್ಯಾನ್ ಬದಲಿಸುವುದು ಬ್ಯಾಟರಿ ಕೊಳ್ಳುವುದಕ್ಕಿಂತ ಅಗ್ಗ.) ಎಲ್‌ಇಡಿ ಟ್ಯೂಬ್ ನಾಲ್ಕಕ್ಕೆ 80, ರೌಟರ್ ಮತ್ತು ಸ್ವಿಚ್‌ಗೆ 30. ಒಟ್ಟು 800 ವ್ಯಾಟ್. 150 ಆಂಪಿಯರ್-ಅವರ್, ಅಂದರೆ 150 ಎಎಚ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿದರೆ ಕಾಗದದ ಮೇಲೆ 3600 ವ್ಯಾಟ್-ಅವರ್ ಆಗುತ್ತದೆ. 'ನಾಲ್ಕೂವರೆ ತಾಸು ಬರ್ತದ' ಎಂದು ಅಂಗಡಿಯವರು ಹೇಳುವುದು ಈ ಲೆಕ್ಕದಿಂದಲೇ.

ಅದು ಬರುವುದಿಲ್ಲ. ಬ್ಯಾಟರಿ ಮೇಲೆ ಬರೆದ 150 ಎಎಚ್ ಇಪ್ಪತ್ತು ತಾಸು ನಿಧಾನಕ್ಕೆ ಖಾಲಿ ಮಾಡಿದಾಗಿನ ಅಳತೆ, ಅಂದರೆ ಬರೀ 7.5 ಆಂಪಿಯರ್‌ನಲ್ಲಿ. ಇಲ್ಲಿ ನಾವು ಎಳೆಯುವುದು ಸುಮಾರು 39 ಆಂಪಿಯರ್. ಜೋರಾಗಿ ಎಳೆದಷ್ಟೂ ಬ್ಯಾಟರಿ ಕಡಿಮೆ ಕೊಡುತ್ತದೆ. ಶೇಕಡಾ 70 ಸಿಕ್ಕಿತು ಅನ್ನಿ, ಅದರಲ್ಲಿ ಇನ್ವರ್ಟರ್ ತಿನ್ನುವುದು ಶೇಕಡಾ 15. ಉಳಿಯುವುದು ಎರಡು ತಾಸು ನಲವತ್ತು ನಿಮಿಷ.

ಇಷ್ಟು ಸಾಕಲ್ಲ ಅನ್ನಿಸುತ್ತದೆ. ಹಗಲಿನ ಮೊದಲ ಸಲಕ್ಕೆ ನಿಜವಾಗಿಯೂ ಸಾಕು. ಕೈಕೊಡುವುದು ಎರಡನೇ ಸಲ. ಹನ್ನೊಂದಕ್ಕೆ ಹೋದ ಕರೆಂಟ್ ಒಂದು ನಲವತ್ತಕ್ಕೆ ಬಂತು, ಬ್ಯಾಟರಿ ಅಷ್ಟರಲ್ಲಿ ಬರಿದಾಗಿದೆ. ಇನ್ವರ್ಟರ್ ಅದನ್ನು 10 ಆಂಪಿಯರ್‌ನಲ್ಲಿ ತುಂಬಿಸುತ್ತದೆ. ಸಂಜೆ ಏಳೂ ನಲವತ್ತಕ್ಕೆ, ಅಂದರೆ ಆರು ತಾಸಿಗೆ, ನಷ್ಟ ಕಳೆದು ತುಂಬಿರುವುದು ಸುಮಾರು 50 ಎಎಚ್. ಅಮೆರಿಕದ ಕ್ಲೈಂಟ್ ಕಾಲ್ ಶುರುವಾಗುವುದೂ ಆ ಹೊತ್ತಿಗೇ. ಬೇಸಿಗೆಯ ಗುಡುಗು ಮಳೆಗೆ ಆಗ ಮತ್ತೆ ಕರೆಂಟ್ ಹೋದರೆ ಒಂದೂಕಾಲು ತಾಸಿನೊಳಗೆ ಎಲ್ಲರೂ ಕತ್ತಲಲ್ಲಿ.

ಇದಕ್ಕೆ ಇನ್ನೆರಡು ಬ್ಯಾಟರಿ ಹಾಕುವುದು ಸುಲಭದ ಉತ್ತರ, ಆದರೆ ತಪ್ಪು ಉತ್ತರ; ಅವನ್ನು ತುಂಬಿಸುವುದೂ ಅದೇ 10 ಆಂಪಿಯರ್. ನಾವು ವೈರಿಂಗ್ ಬದಲಿಸಿದೆವು. 800ರಲ್ಲಿ 540 ವ್ಯಾಟ್ ಲ್ಯಾಪ್‌ಟಾಪಿನದು, ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ಹಾಗಿದ್ದಮೇಲೆ ಅದನ್ನು ಇನ್ವರ್ಟರ್ ಮೇಲೆ ಯಾಕೆ ಕೂಡಿಸಬೇಕು? ಒಂಬತ್ತು ಮೇಜಿನ ಪ್ಲಗ್ಗುಗಳನ್ನು ನೇರ ಲೈನಿಗೆ ಕೊಟ್ಟು, ಮೂರನ್ನು ಮಾತ್ರ ಇನ್ವರ್ಟರ್ ಮೇಲೆ ಉಳಿಸಿ ಕೆಂಪು ಬಣ್ಣದ ಸಾಕೆಟ್ ಹಾಕಿದೆವು. ಕಂಪನಿ ಕೊಟ್ಟ ಹಳೇ ಲ್ಯಾಪ್‌ಟಾಪ್, ಬ್ಯಾಟರಿ ಒಂದು ತಾಸೂ ಬಾರದವರು ಕೆಂಪು ಸಾಕೆಟ್ ಇರುವಲ್ಲಿ ಕೂಡ್ರಬೇಕು. ಈಗ ಇನ್ವರ್ಟರ್ ಮೇಲಿನ ಹೊರೆ 395 ವ್ಯಾಟ್. ತುಂಬಿದ ಬ್ಯಾಟರಿ ಐದು ತಾಸು ದಾಟುತ್ತದೆ. ಅರೆಬರೆ ತುಂಬಿದ ಆ ಸಂಜೆಯ ಬ್ಯಾಟರಿಯೂ ಎರಡೂವರೆ ತಾಸು ಬರುತ್ತದೆ. ಖರ್ಚಾದದ್ದು ವೈರು ಮತ್ತು ಎಲೆಕ್ಟ್ರಿಶಿಯನ್ ಕೂಲಿ ಮಾತ್ರ.

ಕರೆಂಟ್ ಇದ್ದೂ ಬ್ಯಾಟರಿ ಖಾಲಿಯಾಗುವ ಇನ್ನೊಂದು ಕಾಯಿಲೆ ಇದೆ, ಇದನ್ನು ಹಿಡಿಯಲು ಬಹಳ ಮಂದಿಗೆ ತಿಂಗಳುಗಟ್ಟಲೆ ಬೇಕು. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿ ಬದಲಾವಣೆ ಬೇಗ ಆಗುತ್ತದೆ, ರೌಟರ್ ರೀಸ್ಟಾರ್ಟ್ ಆಗುವುದಿಲ್ಲ ಎಂದು ಎಲ್ಲರೂ ಅದರಲ್ಲೇ ಇಡುತ್ತಾರೆ. ಆದರೆ ಆ ಮೋಡ್ ಸುಮಾರು 180 ವೋಲ್ಟ್‌ಗಿಂತ ಕೆಳಗಿನ ಕರೆಂಟನ್ನು ಒಪ್ಪುವುದಿಲ್ಲ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ಲೈನ್ 170ಕ್ಕೆ ಇಳಿದರೆ, ಬೀದಿಯಲ್ಲೆಲ್ಲ ಕರೆಂಟ್ ಇದ್ದರೂ ನಿಮ್ಮ ಆಫೀಸು ಬ್ಯಾಟರಿ ಮೇಲೆ ನಡೆಯುತ್ತಿರುತ್ತದೆ. ಪಕ್ಕದ ಅಂಗಡಿಯ ದೀಪ ಉರಿಯುತ್ತಿದ್ದಾಗ ನಿಮ್ಮ ಇನ್ವರ್ಟರ್ 'ಬ್ಯಾಟರಿ' ಅಂತ ತೋರಿಸುತ್ತಿದ್ದರೆ ಇದೇ ಅಂತ ತಿಳಿಯಿರಿ. ನಾರ್ಮಲ್ ಮೋಡಿಗೆ ಹಾಕಿ. ಲ್ಯಾಪ್‌ಟಾಪ್ ಅಡಾಪ್ಟರುಗಳು 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತವೆ. ಈ ಮೋಡಿನಲ್ಲಿ ಬದಲಾವಣೆ ನಿಧಾನ, ಆ ತಡವನ್ನು ತಾಳದ್ದು ರೌಟರ್ ಮತ್ತು ಫೈಬರ್ ಡಬ್ಬಿ. ಅವಕ್ಕೆ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಬೇರೆಯಾಗಿ ಕೊಟ್ಟುಬಿಡಿ. ಕಾಲ್ ಕಟ್ಟಾಗುವುದು ಕರೆಂಟ್ ಹೋದ ಆ ಕ್ಷಣಕ್ಕಲ್ಲ, ರೌಟರ್ ಮತ್ತೆ ಎದ್ದು ನಿಲ್ಲಲು ತೆಗೆದುಕೊಳ್ಳುವ ಎರಡು ಮೂರು ನಿಮಿಷಕ್ಕೆ.

ಅರ್ಥಿಂಗ್ ಬಗ್ಗೆ ಒಂದೇ ಮಾತು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಅರ್ಥ್ ಗುಂಡಿ ಒಣಗಿದರೆ ಅದು ಇದ್ದೂ ಇಲ್ಲದಂತೆ. ಲ್ಯಾಪ್‌ಟಾಪಿನ ಲೋಹದ ಮೈ ಸವರಿದರೆ ಬೆರಳು ಜುಮ್ಮೆನ್ನುತ್ತಿದೆಯೇ? ಗುಂಡಿಗೆ ನೀರು ಹಾಕಿ, ಎಲೆಕ್ಟ್ರಿಶಿಯನ್ ಕರೆಸಿ.

ಇನ್ನು ಇಂಟರ್ನೆಟ್. ಎರಡು ಕಂಪನಿಯ ಲೈನ್ ತೆಗೆದುಕೊಂಡರೆ ಸಾಲದು, ಎರಡೂ ಒಂದೇ ಕಂಬದ ಮೇಲೆ ಬಂದರೆ ಅದು ಒಂದೇ ಲೈನ್. ಕಾರ್ಖಾನೆ ಶುರುವಾದ ಮೇಲೆ ಮುಗಿಲೆತ್ತರ ಕಬ್ಬು ಹೇರಿದ ಟ್ರಾಲಿ ತಿರುವಿನಲ್ಲಿ ಜೋತಾಡುವ ಕೇಬಲ್ಲನ್ನೆಲ್ಲ ಒಮ್ಮೆಲೇ ಎಳೆದುಕೊಂಡು ಹೋಗುತ್ತದೆ. ಹಣ ಕೊಡುವ ಮೊದಲು ಎರಡೂ ಕೇಬಲ್ ಯಾವ ಬೀದಿಯಿಂದ ಬರುತ್ತವೆ ಎಂದು ನಡೆದೇ ನೋಡಬೇಕು. ಆಪರೇಟರ್ ಹತ್ತಿರ ಇನ್ನೊಂದು ಪ್ರಶ್ನೆ: 'ನಿಮ್ಮ ಆಫೀಸಿನ ಮಶಿನ್‌ಗೆ ಬ್ಯಾಕಪ್ ಎಷ್ಟ್ ತಾಸು ಅದರಿ?' ಬೀದಿಯ ಫೈಬರ್‌ಗೆ ಕರೆಂಟ್ ಬೇಡ, ಆದರೆ ಅದರೊಳಗೆ ಬೆಳಕು ಕಳಿಸುವ, ಅವರಲ್ಲಿರುವ ಮಶಿನ್‌ಗೆ ಬೇಕು. ಅದು ಮಲಗಿದರೆ ನಿಮ್ಮ ಬ್ಯಾಟರಿ ಎಷ್ಟಿದ್ದರೇನು. ಫೈಬರ್ ಡಬ್ಬಿಯಲ್ಲಿ `LOS` ದೀಪ ಕೆಂಪಾಗಿ ಮಿಣುಕಿದರೆ ಬೆಳಕೇ ಬರುತ್ತಿಲ್ಲ, ಕೇಬಲ್ ಹರಿದಿದೆ ಅಥವಾ ಆ ಮಶಿನ್ ಬಂದ್ ಆಗಿದೆ. `PON` ಹಸಿರಾಗಿಯೇ ಇದ್ದು ನೆಟ್ ಇಲ್ಲದಿದ್ದರೆ ತೊಂದರೆ ಅದರಾಚೆ.

ಈ ಎರಡೂ ಸ್ಥಿತಿಯಲ್ಲಿ ಎರಡು ಲೈನಿನ ರೌಟರ್ ಮೋಸ ಹೋಗಬಹುದು. ಡಬ್ಬಿಯಿಂದ ಬರುವ ತಂತಿಯ ಕೊಂಡಿ ಜೀವಂತವಾಗಿ ಕಾಣುವುದರಿಂದ ಅದು ಇನ್ನೊಂದು ಲೈನಿಗೆ ಬದಲಾಗುವುದೇ ಇಲ್ಲ. ಸೆಟ್ಟಿಂಗಿನಲ್ಲಿ ಲೈನ್ ಪರೀಕ್ಷೆಯನ್ನು ಪಿಂಗ್‌ಗೆ, ಅಂದರೆ ಹೊರಗಿನ ವಿಳಾಸವೊಂದು ಉತ್ತರ ಕೊಡುತ್ತದೆಯೇ ಎಂದು ಕೇಳುವುದಕ್ಕೆ ಬದಲಿಸಿ, ವಿಳಾಸ `8.8.8.8` ಕೊಡಿ. ಸರಿಯಾಗಿದೆಯೇ ನೋಡಲು ಒಂದು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಇದನ್ನು ಓಡಿಸಿ:

```
ping -t 8.8.8.8
```

ಬಳಿಕ ಮೊದಲ ಲೈನಿನ ಡಬ್ಬಿಯಿಂದ ಫೈಬರ್ ಕಳಚಿ, ರೌಟರಿಗೆ ಹೋಗುವ ತಂತಿಯನ್ನಲ್ಲ. ನಾಲ್ಕೈದು ಸಾಲು ತಪ್ಪಿ ಮತ್ತೆ ಉತ್ತರ ಬಂದರೆ ಕೆಲಸ ಆಗಿದೆ. ಬದಲಾಗುವಾಗ ನಡೆಯುತ್ತಿದ್ದ ಕಾಲ್ ಕೆಲವು ಸೆಕೆಂಡು ತಡವರಿಸುತ್ತದೆ, ವಿಪಿಎನ್ ಸಾಮಾನ್ಯವಾಗಿ ಮತ್ತೆ ಜೋಡಿಸಬೇಕಾಗುತ್ತದೆ. ಇದನ್ನು ಸದಸ್ಯರಿಗೆ ಮೊದಲೇ ಹೇಳಿಡಿ.

ಎರಡೂ ಹೋದರೆ ಸಿಮ್ ರೌಟರ್. ಹಳೇ ಮನೆಯ ಎರಡು ಅಡಿ ದಪ್ಪದ ಕಲ್ಲಿನ ಗೋಡೆ ಬೇಸಿಗೆಗೆ ತಂಪು, ಸಿಗ್ನಲ್ಲಿಗೆ ಶತ್ರು. ಸಿಮ್ ರೌಟರನ್ನು ಕಿಟಕಿಯಲ್ಲಿಡಿ, ಒಳಕೋಣೆಗೆ ಲ್ಯಾನ್ ಕೇಬಲ್ ಎಳೆದು ಇನ್ನೊಂದು ವೈಫೈ ಡಬ್ಬಿ ಹಾಕಿ. (ಅದೇ ಗೋಡೆ ಕಾಲ್ ಕೋಣೆಯಲ್ಲಿ ದನಿಯನ್ನು ಮಾರ್ದನಿಸುತ್ತದೆ. ಗೋಡೆಯಿಂದ ಎರಡು ಇಂಚು ಮುಂದಕ್ಕೆ ಕೋಲು ಹಾಕಿ ದಪ್ಪ ಕೌದಿ ತೂಗುಬಿಟ್ಟೆವು, ಫೋಮ್ ಬೇಕಾಗಲಿಲ್ಲ.) ಸಂಜೆ ಹೊತ್ತು ಸಿಮ್‌ನಲ್ಲಿ ಅಪ್‌ಲೋಡ್ 5 ಎಂಬಿಪಿಎಸ್ ಸಿಕ್ಕರೆ ಎರಡು ಮೂರು ವಿಡಿಯೋ ಕಾಲ್ ಹಿಡಿಸಬಹುದು, ಹನ್ನೆರಡಂತೂ ಆಗದು. ಬರೀ ದನಿಗೆ ಒಂದು ಕಾಲ್‌ಗೆ 0.1 ಎಂಬಿಪಿಎಸ್ ಸಾಕು. ಅದಕ್ಕೇ ಬಾಗಿಲ ಪಕ್ಕದಲ್ಲಿ ಒಂದು ರಟ್ಟಿನ ಹಲಗೆ ನೇತುಹಾಕಿದ್ದೇವೆ. ಸಿಮ್ ಮೇಲೆ ನಡೆಯುವಾಗ ಯಾರಾದರೂ ಎದ್ದು ಅದನ್ನು ತಿರುಗಿಸುತ್ತಾರೆ. ಹಿಂದೆ ಬರೆದಿರುವುದು ಎರಡೇ ಪದ: ಕ್ಯಾಮೆರಾ ಬಂದ್.