ಮುಸ್ಸಂಜೆಯಲ್ಲಿ ಚಾರ್ಜಿಂಗ್ ಗನ್ನಿನ ಚಿತ್ರ ತೆಗೆಯುವುದು ಹೇಗೆ?

ಸುಂಟಿಕೊಪ್ಪದ ಬಳಿ ಕಾಫಿ ತೋಟದ ನಡುವೆ ಹೋಂಸ್ಟೇ ನಡೆಸುವ ಗೆಳೆಯರೊಬ್ಬರು ಕಾರು ನಿಲ್ಲಿಸುವ ಶೆಡ್ಡಿನ ಗೋಡೆಗೆ ವಿದ್ಯುತ್ ಕಾರುಗಳಿಗಾಗಿ 7.2 ಕಿಲೋವಾಟ್‌ನ ಚಾರ್ಜರ್ ಹಾಕಿಸಿದರು. ಅತಿಥಿಗಳಿಗೆ ತಿಳಿಯಲೆಂದು ಚಾರ್ಜಿಂಗ್ ಗನ್ನಿನ, ಅಂದರೆ ಕೇಬಲ್ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಹಿಡಿಯ, ಅಂತರ್ಜಾಲದಲ್ಲಿ ಸಿಕ್ಕಿದ ಚೆಂದದ ಚಿತ್ರವೊಂದನ್ನು ತಮ್ಮ ಪುಟಕ್ಕೆ ಸೇರಿಸಿದರು. ಕೊಠಡಿ ಕಾದಿರಿಸಿದ್ದವರೊಬ್ಬರು ಬೆಂಗಳೂರಿನಿಂದ ಹೊರಡುವ ಮುನ್ನ ಫೋನ್ ಮಾಡಿ, "ಸರ್, ನಿಮ್ಮ ಗನ್ ನನ್ನ ಕಾರಿಗೆ ಕೂರುವುದಿಲ್ಲವಲ್ಲ" ಎಂದರಂತೆ. ಗೋಡೆಯಲ್ಲಿದ್ದ ಗನ್ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಚಿತ್ರದಲ್ಲಿ. ಅದು ಅಮೆರಿಕದ ಗನ್ನಿನ ಚಿತ್ರ.

ಹೊಸ ಚಿತ್ರ ತೆಗೆಯಲು ನನ್ನನ್ನು ಕರೆದರು. ಜನವರಿಯ ಆ ಒಂದು ಸಂಜೆ ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಒಳ್ಳೆಯ ಮೊಬೈಲ್ ಮತ್ತು ಟ್ರೈಪಾಡ್ ಇದ್ದರೆ ನೀವೂ ಮಾಡಬಹುದು.

ಮೊದಲು ಗನ್ನಿನ ಬಾಯಿ ನೋಡಿ

ವಿದ್ಯುತ್ ಕಾರು ಓಡಿಸುವವರು ಇಂಥ ಚಿತ್ರದಲ್ಲಿ ಎಲ್ಲಕ್ಕಿಂತ ಮೊದಲು ನೋಡುವುದು ಗನ್ನಿನ ಬಾಯಿಯನ್ನು. ನಮ್ಮ ದೇಶದ ಕಾರುಗಳಿಗೆ ಮನೆ, ಹೋಂಸ್ಟೇಗಳ ಗೋಡೆ ಚಾರ್ಜರ್‌ನಲ್ಲಿ ಬರುವುದು ಸಾಮಾನ್ಯವಾಗಿ ಟೈಪ್-2 ಗನ್. ಅದರ ಬಾಯಿ ಪೂರ್ತಿ ದುಂಡಗಿರುವುದಿಲ್ಲ. ಮೇಲಂಚು ಕತ್ತರಿಸಿದಂತೆ ಚಪ್ಪಟೆಯಾಗಿದ್ದು, ಉಳಿದ ಭಾಗ ದುಂಡಗಿರುತ್ತದೆ. ಒಳಗೆ ಏಳು ತೂತುಗಳು: ಮೇಲೆ ಎರಡು ಚಿಕ್ಕವು, ನಡುವೆ ಮೂರು, ಕೆಳಗೆ ಎರಡು. ಅಮೆರಿಕದ ಟೈಪ್-1 ಗನ್ನಿನ ಬಾಯಿ ದುಂಡಗಿದ್ದು ಐದೇ ತೂತುಗಳಿರುತ್ತವೆ, ಹೆಬ್ಬೆರಳಿನಿಂದ ಒತ್ತುವ ಕೊಕ್ಕೆ ಮೇಲೆ ಎದ್ದು ಕಾಣುತ್ತದೆ. ಗೆಳೆಯರ ಪುಟದಲ್ಲಿದ್ದದ್ದು ಅದೇ.

ಇನ್ನೊಂದು ಗೊಂದಲ ಇದಕ್ಕಿಂತ ಸೂಕ್ಷ್ಮ. ಹೆದ್ದಾರಿಯ ವೇಗದ ಚಾರ್ಜರ್‌ಗಳಲ್ಲಿರುವ ಸಿಸಿಎಸ್-2 ಗನ್ನಿನಲ್ಲಿ ಟೈಪ್-2 ಆಕಾರದ ಕೆಳಗೆ ಎರಡು ದಪ್ಪ ತೂತುಗಳಿರುವ ಮತ್ತೊಂದು ಭಾಗ ಜೋಡಿಕೊಂಡಿರುತ್ತದೆ. ಕಾರಿನ ಸಿಸಿಎಸ್-2 ಕಿಂಡಿಯ ಮೇಲರ್ಧಕ್ಕೆ ಟೈಪ್-2 ಗನ್ ಸಲೀಸಾಗಿ ಕೂರುತ್ತದೆ, ಅಲ್ಲಿ ತೊಂದರೆಯಿಲ್ಲ. ಆದರೆ ನಿಮ್ಮಲ್ಲಿರುವುದು ಟೈಪ್-2 ಆಗಿದ್ದು ಚಿತ್ರದಲ್ಲಿ ಸಿಸಿಎಸ್-2 ಹಾಕಿದರೆ, ಒಂದು ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆಂದು ನಂಬಿ ಬಂದವರು ರಾತ್ರಿಯಿಡೀ ಕಾಯಬೇಕಾಗುತ್ತದೆ. ಬೇರೆಯವರ ಗನ್ನಿನ ಚಿತ್ರ ಎಷ್ಟೇ ಸುಂದರವಾಗಿದ್ದರೂ ಹಾಕಬಾರದೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಗನ್ ಕಾರಿಗೆ ಸಿಕ್ಕಿಸಿದ ಮೇಲೆ ಬಾಯಿ ಕಾಣುವುದಿಲ್ಲ. ಆದ್ದರಿಂದ ಎರಡು ಚಿತ್ರ ಬೇಕು: ಬಾಯಿ ಕಾಣುವ ಹತ್ತಿರದ ಚಿತ್ರ ಒಂದು, ಕಾರು ಚಾರ್ಜ್ ಆಗುತ್ತಿರುವ ಚಿತ್ರ ಇನ್ನೊಂದು.

ಹತ್ತಿರದ ಚಿತ್ರವನ್ನು ಸೂರ್ಯ ಮುಳುಗುವ ಮುಂಚೆಯೇ ತೆಗೆದುಬಿಡಿ. ಕಪ್ಪು ಪ್ಲಾಸ್ಟಿಕ್ಕಿನೊಳಗಿನ ಕಪ್ಪು ತೂತುಗಳು ಕತ್ತಲಾದಂತೆ ಒಂದೇ ಮಸಿಮುದ್ದೆಯಾಗುತ್ತವೆ. ಎದುರಿನಿಂದ ಫ್ಲ್ಯಾಶ್ ಹಾಕಿದರೂ ಪ್ರಯೋಜನವಿಲ್ಲ, ಹೊಳಪು ಬರುತ್ತದೆಯೇ ಹೊರತು ಆಳ ತಿಳಿಯುವುದಿಲ್ಲ. ನಾವು ಶೆಡ್ಡಿನ ಬಾಗಿಲ ಬಳಿ ಗನ್ ಹಿಡಿದು, ಒಂದು ಮಗ್ಗುಲಲ್ಲಿ ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿದೆವು. ಓರೆಯಾಗಿ ಬಂದ ಬೆಳಕಿಗೆ ಪ್ರತಿ ತೂತಿನ ಅಂಚೂ ಎದ್ದು ಕಂಡಿತು. ಚಪ್ಪಟೆ ಅಂಚು ಮೇಲಿರಲಿ. ಮೊಬೈಲನ್ನು ತೀರ ಹತ್ತಿರ ಒಯ್ದರೆ ಬಾಯಿ ಊದಿಕೊಂಡು ಆಕಾರ ಕೆಡುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಬಳಸಿ.

ಕೇಬಲ್ ಓಡುವ ದಾರಿ

ನಾವು ಹೋದಾಗ ಕಾರು ಹಿಮ್ಮುಖವಾಗಿ ನಿಂತಿತ್ತು. ಅದರ ಚಾರ್ಜಿಂಗ್ ಕಿಂಡಿ ಇರುವುದು ಮೂತಿಯಲ್ಲಿ. ಹೀಗಾಗಿ ಐದು ಮೀಟರ್ ಕೇಬಲ್ ಗೋಡೆಯಿಂದ ಇಳಿದು, ನಡೆಯುವ ದಾರಿಯನ್ನು ಅಡ್ಡ ಹಾಯ್ದು, ಕಾಫಿ ಕಣದ ಕೆಮ್ಮಣ್ಣಿನಲ್ಲಿ ಹೊರಳಿತ್ತು. ಕೇಬಲನ್ನು ಎಷ್ಟು ಸರಿಪಡಿಸಿದರೂ ಚಿತ್ರ ಸರಿಯಾಗಲಿಲ್ಲ. ಕೊನೆಗೆ ಕಾರನ್ನೇ ತಿರುಗಿಸಿ ಮೂತಿ ಗೋಡೆಯ ಕಡೆ ಬರುವಂತೆ ನಿಲ್ಲಿಸಿದೆವು. ಈಗ ಒಂದೂವರೆ ಎರಡು ಮೀಟರ್ ಸಾಕಾಯಿತು.

ಉಳಿದದ್ದನ್ನು ಗೋಡೆಯ ಕೊಕ್ಕೆಗೆ ಅಗಲವಾದ ಸಡಿಲ ಸುತ್ತುಗಳಾಗಿ ನೇತುಹಾಕಿದೆವು. ಯಾವಾಗಲೂ ಒಂದೇ ದಿಕ್ಕಿಗೆ ಸುತ್ತಿದರೆ ಕೇಬಲ್ ತಿರುಚಿಕೊಂಡು ಹಾವಿನಂತೆ ಹೊರಳುತ್ತದೆ. ಒಂದು ಸುತ್ತು ಹೊರಮೈಯಿಂದ, ಮುಂದಿನದು ಒಳಮೈಯಿಂದ ಹಾಕಿದರೆ ಚಪ್ಪಟೆಯಾಗಿ ಕೂರುತ್ತದೆ. ಬಿಗಿಯಾಗಿ ಕಟ್ಟಿದ ಸುರುಳಿ ಬೇಡ. ವಿದ್ಯುತ್ ಹರಿಯುವಾಗ ಅದರೊಳಗೆ ಬಿಸಿ ಹೊರಹೋಗದೆ ಸಿಕ್ಕಿಕೊಳ್ಳುತ್ತದೆ. ಮಾಡಬಾರದ್ದನ್ನು ಚಿತ್ರದಲ್ಲಿ ತೋರಿಸಲೂಬಾರದು.

ಗನ್ನಿಗೆ ಸೇರುವ ಮುನ್ನ ಕೇಬಲ್ ಒಮ್ಮೆ ಗನ್ನಿಗಿಂತ ಕೆಳಗೆ ಬಾಗಿ, ಅಲ್ಲಿಂದ ಮೇಲೇರಲಿ. ಕೊಡಗಿನ ಮಳೆಯಲ್ಲಿ ಈ ಬಾಗು ಬಹಳ ಮುಖ್ಯ. ಕೇಬಲ್ ಮೇಲೆ ಹರಿದು ಬರುವ ನೀರು ಗನ್ನಿನ ಕಡೆಗೆ ಹೋಗದೆ, ಬಾಗಿನ ತುದಿಯಿಂದ ತೊಟ್ಟಿಕ್ಕುತ್ತದೆ. ನೋಡಲೂ ಅದು ಚೆಂದದ ಗೆರೆ. ಕೇಬಲ್ ತಂತಿಯಂತೆ ಬಿಗಿದಿದ್ದರೆ ಅದರ ಎಳೆತಕ್ಕೆ ಗನ್ ಜೋತುಬೀಳುತ್ತದೆ, ಕಿಂಡಿಯ ಮೇಲಂಚಿನಲ್ಲಿ ಸಂದು ಕಾಣುತ್ತದೆ.

ಹದಿನೈದು ನಿಮಿಷದ ಬೆಳಕು

ಜನವರಿ ಮಧ್ಯದಲ್ಲಿ ಇಲ್ಲಿ ಸೂರ್ಯ ಮುಳುಗುವುದು 6.20ರ ಆಸುಪಾಸು. ಬೆಟ್ಟದ ಮರೆಯಿರುವ ತೋಟದಲ್ಲಿ ಬಿಸಿಲು ಅದಕ್ಕಿಂತ ಮುಂಚೆಯೇ ಹೋಗುತ್ತದೆ. ಅದನ್ನು ಕಂಡು ಗಾಬರಿಯಾಗಿ ಆಗಲೇ ಚಿತ್ರ ತೆಗೆಯಬೇಡಿ. ಬೇಕಾದದ್ದು ಆಕಾಶದ ಬೆಳಕು ಮತ್ತು ದೀಪದ ಬೆಳಕು ಸಮನಾಗುವ ಹೊತ್ತು.

ಶೆಡ್ಡಿನಲ್ಲಿ ಬಿಳಿ ಟ್ಯೂಬ್‌ಲೈಟ್, ಜಗಲಿಯಲ್ಲಿ ಹಳದಿ ಬಲ್ಬ್ ಇದ್ದವು. ಎರಡೂ ಉರಿದರೆ ಒಂದನ್ನು ಸರಿಪಡಿಸುವಾಗ ಇನ್ನೊಂದರ ಬಣ್ಣ ಕೆಡುತ್ತದೆ. ಟ್ಯೂಬ್‌ಲೈಟ್ ಆರಿಸಿ, ಶೆಡ್ಡಿಗೂ 3000 ಕೆಲ್ವಿನ್‌ನ ಹಳದಿ ಎಲ್‌ಇಡಿ ಬಲ್ಬ್ ಹಾಕಿದೆವು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 4000ಕ್ಕೆ ನಿಲ್ಲಿಸಿದೆ. ಗೋಡೆಯ ಬೆಚ್ಚನೆಯ ಬಣ್ಣ ಉಳಿಯಿತು, ಸಿಲ್ವರ್ ಓಕ್ ಮರಗಳ ಹಿಂದಿನ ಆಕಾಶ ನೀಲಿಯಾಗಿ ಬಂತು.

ಟ್ರೈಪಾಡ್ ಕದಲಿಸದೆ ಎರಡೆರಡು ನಿಮಿಷಕ್ಕೊಂದು ಚಿತ್ರ ತೆಗೆದೆ. 6.26ರಲ್ಲಿ ಆಕಾಶ ಬೆಳ್ಳಗಿತ್ತು, ದೀಪ ಹತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. 6.38ರ ಚಿತ್ರದಲ್ಲಿ ಆಕಾಶವೂ ಇತ್ತು, ಗೋಡೆಯ ಗಾರೆಯ ತರಿಯೂ ಇತ್ತು. 6.46ಕ್ಕೆ ಹೆಂಚಿನ ಸೂರು ಕಪ್ಪು ಆಕಾಶದಲ್ಲಿ ಕರಗಿಹೋಯಿತು. ಆಯ್ದುಕೊಂಡದ್ದು 6.38ರದ್ದನ್ನು. ಐಎಸ್‌ಒ 100, ಅಪರ್ಚರ್ ಎಫ್ 8, ಶಟರ್ ಎರಡು ಸೆಕೆಂಡು. ಮೊಬೈಲಾದರೆ ಪ್ರೊ ಮೋಡ್‌ನಲ್ಲಿ ಕಡಿಮೆ ಐಎಸ್‌ಒ ಇಟ್ಟು ಶಟರ್ ಹೊಂದಿಸಿಕೊಳ್ಳಿ. ಬೆರಳ ಅಲುಗಾಟ ತಪ್ಪಿಸಲು ಟೈಮರ್ ಬಳಸಿ.

ಚಾರ್ಜರ್‌ನ ಸೂಚಕ ದೀಪ ಹಲವು ಮಾದರಿಗಳಲ್ಲಿ ಉಸಿರಾಡುವಂತೆ ಹೊತ್ತಿ ಆರುತ್ತದೆ. ಅರ್ಧ ಸೆಕೆಂಡಿನ ಶಟರ್‌ಗೆ ಅದು ಆರಿದ ಕ್ಷಣವೇ ಸಿಗಬಹುದು, ಎರಡು ಸೆಕೆಂಡಿಗೆ ಹೊತ್ತಿದ್ದೂ ಸಿಗುತ್ತದೆ. ಕಾರಿನ ಬ್ಯಾಟರಿ ಪೂರ್ತಿ ತುಂಬಿರದಂತೆ ನೋಡಿಕೊಳ್ಳಿ. ತುಂಬಿದ್ದರೆ ಚಾರ್ಜ್ ಆಗುತ್ತಿರುವ ದೀಪದ ಬದಲು ಮುಗಿದ ದೀಪ ಬರುತ್ತದೆ.

ನಮ್ಮ ಹತ್ತಿರದ ಚಿತ್ರದಲ್ಲಿ ಗನ್ನಿನ ಮೇಲೆ ಕೆಮ್ಮಣ್ಣಿನ ಕಲೆಯಿತ್ತು. ಮೊಬೈಲಿನಲ್ಲೇ ಅಳಿಸಿದಾಗ ಪಕ್ಕದ ತೂತೊಂದು ಅರ್ಧ ಮುಚ್ಚಿಹೋಯಿತು. ಅದನ್ನು ಬಿಟ್ಟು, ಗನ್ನನ್ನು ಒಣಬಟ್ಟೆಯಿಂದ ಒರೆಸಿ ಮರುದಿನ ಸಂಜೆ ಇನ್ನೊಮ್ಮೆ ತೆಗೆದೆವು. ಗೆಳೆಯರು ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಹಾಕಿ, ಅಡಿಯಲ್ಲಿ "ಟೈಪ್-2, 7.2 ಕಿಲೋವಾಟ್, ಕೇಬಲ್ 5 ಮೀಟರ್" ಎಂದು ಬರೆದಿದ್ದಾರೆ.